ಮೊದಲು ಫ್ಯಾನು, ಫ್ರಿಜ್ಜು. ಆಮೇಲೆ ಸೋಲಾರ್ ಲೆಕ್ಕ

ಪ್ರಶ್ನೆ: ನಮ್ಮ ಮನೆಗೆ ದಿನಕ್ಕೆ ಸುಮಾರು 10 ಯೂನಿಟ್ ಕರೆಂಟ್ ಖರ್ಚಾಗುತ್ತದೆ. ರಾತ್ರಿ ಪೂರ್ತಿ ಬ್ಯಾಟರಿ ಮೇಲೇ ಮನೆ ನಡೆಯಬೇಕು ಅನ್ನೋದು ನಮ್ಮ ಆಸೆ. ಬಿಲ್ ನೋಡಿದ ಸೋಲಾರ್‌ನವರು 4 ಕಿಲೋವ್ಯಾಟ್ ಪ್ಯಾನೆಲ್, 10 ಯೂನಿಟ್ ಹಿಡಿಯುವ ಬ್ಯಾಟರಿ ಬೇಕು ಅಂದರು. ಫ್ರಿಜ್ 15 ವರ್ಷ ಹಳೆಯದು. ಐದು ಫ್ಯಾನ್, ಆರು ಟ್ಯೂಬ್‌ಲೈಟ್ ಇವೆ, ಅವೂ ಹಳೆಯವೇ. ಈಗಲೇ ಸೋಲಾರ್ ಹಾಕಿಸಿ ಇವನ್ನೆಲ್ಲ ನಿಧಾನಕ್ಕೆ ಬದಲಾಯಿಸಿದರೆ ಸಾಕಾ?

ಉತ್ತರ: ಬೇಡ, ದಯವಿಟ್ಟು ಆ ಕ್ರಮವನ್ನು ತಿರುಗಿಸಿ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ರಾತ್ರಿ ಪೂರ್ತಿ ಬ್ಯಾಟರಿ ಮೇಲೆ.

ಹಗಲಿನ ಯೂನಿಟ್ಟೂ ರಾತ್ರಿಯ ಯೂನಿಟ್ಟೂ ಸೋಲಾರ್ ಮನೆಯಲ್ಲಿ ಒಂದೇ ಅಲ್ಲ. ಮಧ್ಯಾಹ್ನ ಉರಿಯುವ ಕರೆಂಟ್ ಪ್ಯಾನೆಲ್‌ನಿಂದ ಇಳಿದು, ಇನ್ವರ್ಟರ್ ದಾಟಿ, ನೇರ ಮನೆಗೆ ಬರುತ್ತದೆ. ರಾತ್ರಿಯದ್ದು ಹಗಲಲ್ಲೇ ಬ್ಯಾಟರಿ ಸೇರಬೇಕು, ಕತ್ತಲಾದ ಮೇಲೆ ಅಲ್ಲಿಂದ ಇನ್ವರ್ಟರ್ ದಾಟಿ ಹೊರಗೆ ಬರಬೇಕು. ದಾರಿಯಲ್ಲಿ ಒಂದಿಷ್ಟು ಸೋರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಅಂದರೆ, ಆ ಯೂನಿಟ್ಟಿಗೆ ಜಾಗ ಕೊಡಲು ಬ್ಯಾಟರಿ ಕೊಳ್ಳಬೇಕು. ಪ್ಯಾನೆಲ್ 25 ವರ್ಷ ಬಾಳುತ್ತದೆ, ಬ್ಯಾಟರಿ ಅಷ್ಟು ಬಾಳುವುದಿಲ್ಲ. ಹಾಗಾಗಿ ರಾತ್ರಿ ಓಡುವ ಸಾಮಾನಿನಲ್ಲಿ ಉಳಿಸಿದ ಒಂದೊಂದು ಯೂನಿಟ್ಟೂ ಹಗಲಿನದ್ದಕ್ಕಿಂತ ಬಹಳ ಹೆಚ್ಚಿನದು. ನಿಮ್ಮ ಮನೆಯಲ್ಲಿ ರಾತ್ರಿ ಓಡುವುದು ಯಾವುದು? ಫ್ಯಾನು, ಫ್ರಿಜ್ಜು, ಲೈಟು. ಸರಿಯಾಗಿ ನೀವು ಹಳೆಯದು ಅಂತ ಬರೆದವೇ.

ಮೊದಲು ಅಳೆಯಿರಿ. ಬಿಲ್ ಒಟ್ಟು ಎಷ್ಟು ಅಂತ ಮಾತ್ರ ಹೇಳುತ್ತದೆ, ಯಾರು ತಿಂದರು ಅಂತ ಹೇಳುವುದಿಲ್ಲ. ಗೋಡೆಯ ಸಾಕೆಟ್‌ಗೂ ಫ್ರಿಜ್‌ನ ಪ್ಲಗ್‌ಗೂ ನಡುವೆ ಸಿಕ್ಕಿಸುವ ಚಿಕ್ಕ ವ್ಯಾಟ್‌ಮೀಟರ್ ಸಿಗುತ್ತದೆ. ಒಂದನ್ನು ತಂದುಕೊಳ್ಳಿ, ಇಲ್ಲವೇ ಯಾರ ಹತ್ತಿರವಾದರೂ ಎರವಲು ಪಡೆಯಿರಿ. ಫ್ರಿಜ್‌ಗೆ ಕಡಿಮೆ ಅಂದರೂ ಪೂರ್ತಿ ಎರಡು ಮೂರು ದಿನ ಬಿಡಿ. ನಾನು ಮೊದಮೊದಲು ಒಂದು ಗಂಟೆ ಅಳೆದು 24ರಿಂದ ಗುಣಿಸಿ ಒಬ್ಬರ ಮನೆಗೆ ಲೆಕ್ಕ ಕೊಟ್ಟಿದ್ದೆ. ಆ ಗಂಟೆಯಲ್ಲಿ ಫ್ರಿಜ್‌ನ ಕಂಪ್ರೆಸರ್ ಹೆಚ್ಚು ಹೊತ್ತು ನಿಂತೇ ಇತ್ತು. ಮಂಜು ಕರಗಿಸುವ ಹೀಟರ್ ಆನ್ ಆಗಿರಲೇ ಇಲ್ಲ. ನಿಜವಾದ ಖರ್ಚು ನನ್ನ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಬಂತು. ಆಮೇಲಿಂದ ನಾನು ಎರಡು ದಿನಕ್ಕಿಂತ ಕಡಿಮೆ ಅಳೆದ ಫ್ರಿಜ್ ಲೆಕ್ಕವನ್ನು ನಂಬುವುದಿಲ್ಲ.

ಇನ್ನೊಂದು ಅಳತೆಗೆ ಯಾವ ಖರ್ಚೂ ಇಲ್ಲ. ನಿಮ್ಮ ಮನೆಯ ಡಿಜಿಟಲ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ 3200 imp/kWh ಅಂತಲೋ ಬೇರೆ ಸಂಖ್ಯೆಯೋ ಬರೆದಿರುತ್ತದೆ. ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ರಾತ್ರಿ ಮಲಗುವ ಮುಂಚೆ ಲೈಟು, ಫ್ಯಾನು ಎಲ್ಲ ಆರಿಸಿ, ಫ್ರಿಜ್‌ನ ಪ್ಲಗ್ ಒಂದೈದು ನಿಮಿಷ ತೆಗೆದು, ಮೀಟರ್ ಮುಂದೆ ನಿಂತುಕೊಳ್ಳಿ. ಒಂದು ಮಿಣುಕಿಗೂ ಮುಂದಿನ ಮಿಣುಕಿಗೂ ನಡುವೆ ಎಷ್ಟು ಸೆಕೆಂಡ್ ಅಂತ ಮೊಬೈಲ್‌ನಲ್ಲಿ ಅಳೆಯಿರಿ. 28 ಸೆಕೆಂಡ್ ಬಂತು ಅಂದುಕೊಳ್ಳಿ. ಲೆಕ್ಕ ಹೀಗೆ:

```
ವ್ಯಾಟ್ = 3600 × 1000 ÷ (3200 × 28) = ಸುಮಾರು 40
```

ಮನೆಯಲ್ಲಿ ಏನೂ ಓಡುತ್ತಿಲ್ಲ ಅಂದುಕೊಂಡಾಗಲೂ 40 ವ್ಯಾಟ್ ಹೋಗುತ್ತಿದೆ ಅಂತ ಅರ್ಥ. ಸೆಟ್‌ಟಾಪ್ ಬಾಕ್ಸ್, ರೂಟರ್, ಚಾರ್ಜರ್‌ಗಳು, ರಿಮೋಟ್‌ಗೆ ಕಾಯುತ್ತಾ ಕೂತ ಟಿವಿ, ಎಲ್ಲ ಸೇರಿ. ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್ ಆಯಿತು. ಟಿವಿ ಇರುವ ಕಡೆ ಸ್ವಿಚ್ ಇರುವ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಬಳಸದ ಹೊತ್ತಲ್ಲೆಲ್ಲ ಆರಿಸಿದರೆ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ.

ನಿಮ್ಮ 10 ಯೂನಿಟ್ ಹೇಗೆ ಹಂಚಿಹೋಗಿರಬಹುದು ಅಂತ ಈಗ ಬಿಡಿಸಿ ನೋಡೋಣ. ಇದು ನನ್ನ ಅಂದಾಜು, ನಿಮ್ಮ ಅಳತೆ ಬಂದ ಮೇಲೆ ಅಂಕಿ ಬದಲಾಯಿಸಿಕೊಳ್ಳಿ. ಹಳೇ ಫ್ರಿಜ್ 2.2 ಯೂನಿಟ್. ಐದೂ ಫ್ಯಾನ್ ಸೇರಿ ದಿನಕ್ಕೆ 50 ಗಂಟೆ ಓಡಿದರೆ, ಒಂದಕ್ಕೆ 75 ವ್ಯಾಟ್‌ನಂತೆ 3.75 ಯೂನಿಟ್. ಟ್ಯೂಬ್‌ಲೈಟ್‌ಗಳು ಚೋಕ್ ಸೇರಿ 50 ವ್ಯಾಟ್, ಒಟ್ಟು 25 ಗಂಟೆಗೆ 1.25. ಸುಮ್ನೆ ಸೋರುವುದು ಸುಮಾರು 1. ಉಳಿದದ್ದು ಟಿವಿ, ನೀರಿನ ಪಂಪು, ಮಿಕ್ಸಿ, ಇಸ್ತ್ರಿ, ವಾಷಿಂಗ್ ಮೆಷಿನ್, ಎಲ್ಲ ಸೇರಿ 1.8.

ಫ್ಯಾನ್ ಸಾಲನ್ನು ಇನ್ನೊಮ್ಮೆ ನೋಡಿ. ಮನೆಯಲ್ಲಿ ಯಾರೂ ಅನುಮಾನಿಸದ ಫ್ಯಾನೇ ಎಲ್ಲಕ್ಕಿಂತ ಜಾಸ್ತಿ ತಿನ್ನುತ್ತಿದೆ, ಅದರಲ್ಲೂ ಹೆಚ್ಚಿನ ಪಾಲು ರಾತ್ರಿ. ಬಿಎಲ್‌ಡಿಸಿ ಮೋಟರ್‌ನ ಫ್ಯಾನ್ ಅಷ್ಟೇ ಗಾಳಿಗೆ 30 ವ್ಯಾಟ್ ಆಸುಪಾಸು ಎಳೆಯುತ್ತದೆ. ಅದೇ 50 ಗಂಟೆಗೆ 1.5 ಯೂನಿಟ್ ಸಾಕು. ಫ್ರಿಜ್ ಬದಲಾಯಿಸಿ ಅದೇ ಅಳತೆಯ ಒಳ್ಳೇ ಇನ್ವರ್ಟರ್ ಕಂಪ್ರೆಸರ್‌ನದ್ದು ತಂದರೆ 0.7. ಎಲ್‌ಇಡಿ ಬ್ಯಾಟನ್ 20 ವ್ಯಾಟ್‌ನಂತೆ 0.5. ಸೋರಿಕೆ 0.4ಕ್ಕೆ ಇಳಿಯಿತು. ಆ ಕೊನೆಯ 1.8 ಹಾಗೇ ಇರಲಿ, ಅದನ್ನು ಮುಟ್ಟಬೇಡಿ. ಎಲ್ಲ ಕೂಡಿದರೆ ದಿನಕ್ಕೆ 5 ಯೂನಿಟ್ಟಿಗೂ ಸ್ವಲ್ಪ ಕಡಿಮೆ.

ಈಗ ರಾತ್ರಿಯ ಪಾಲು ಮಾತ್ರ ಬಿಡಿಸೋಣ. 50ರಲ್ಲಿ 35 ಫ್ಯಾನ್-ಗಂಟೆ ಕತ್ತಲಾದ ಮೇಲಿನದ್ದು ಅಂದುಕೊಂಡರೆ, ಹಳೇ ಸಾಮಾನಿಗೆ ರಾತ್ರಿ ಸುಮಾರು 6 ಯೂನಿಟ್ ಬೇಕು. ಹೊಸದಕ್ಕೆ 2.6. ಇಲ್ಲಿ ಕೊಟೇಷನ್‌ನಲ್ಲಿ ಕಾಣದ ಒಂದು ಖರ್ಚೂ ಇದೆ: ಇನ್ವರ್ಟರ್‌ನದ್ದು. ಅದು ಸುಮ್ನೆ ಆನ್ ಆಗಿರಲಿಕ್ಕೇ ಕರೆಂಟ್ ತಿನ್ನುತ್ತದೆ. ದೊಡ್ಡದಾದಷ್ಟೂ ಜಾಸ್ತಿ. ದೊಡ್ಡದು 60 ವ್ಯಾಟ್, ಚಿಕ್ಕದು 25 ವ್ಯಾಟ್ ಅಂತ ಹಿಡಿದರೆ, 13 ಗಂಟೆಯ ರಾತ್ರಿಗೆ ಒಂದಕ್ಕೆ 0.8 ಯೂನಿಟ್, ಇನ್ನೊಂದಕ್ಕೆ 0.3. ಬ್ಯಾಟರಿಯನ್ನು ತಳದವರೆಗೂ ಖಾಲಿ ಮಾಡಬಾರದು, ಲಿಥಿಯಂ ಆದರೆ 80 ಶೇಕಡಾ ಬಳಸೋಣ. ದಾರಿಯ ಸೋರಿಕೆ ಹತ್ತು ಶೇಕಡಾ. ಹೀಗೆ ನೋಡಿದರೆ ಹಳೇ ಸಾಮಾನಿಗೆ 9ಕ್ಕಿಂತ ಹೆಚ್ಚು ಯೂನಿಟ್‌ನ ಬ್ಯಾಟರಿ ಬೇಕಾಗುತ್ತದೆ. ಸೋಲಾರ್‌ನವರು 10 ಅಂದದ್ದು ತಪ್ಪಲ್ಲ, ಅವರು ನಿಮ್ಮ ಈಗಿನ ಮನೆಯನ್ನು ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಹೊಸ ಸಾಮಾನಿಗೆ 4ಕ್ಕೆ ಮುಗಿಯುತ್ತದೆ. 5 ಯೂನಿಟ್‌ನದ್ದು ತಂದರೆ ಒಂದಿಷ್ಟು ಮಿಗುತ್ತದೆ ಕೂಡ.

ಪ್ಯಾನೆಲ್‌ಗೂ ಇದೇ ಕಥೆ. ಬಿಸಿಲು ಚೆನ್ನಾಗಿದ್ದ ದಿನ ಒಂದು ಕಿಲೋವ್ಯಾಟ್ ಪ್ಯಾನೆಲ್ 4 ಯೂನಿಟ್ ಕೊಡಬಹುದು. ಆದರೆ ಲೆಕ್ಕ ಹಾಕಬೇಕಾದದ್ದು ಬಿಸಿಲು ಕಡಿಮೆ ಇರುವ ತಿಂಗಳಿಗೆ. ಬ್ಯಾಟರಿಯ ನಷ್ಟವೂ ಸೇರಿ 2.5 ಅಂತ ಹಿಡಿದರೆ, 10 ಯೂನಿಟ್‌ಗೆ 4 ಕಿಲೋವ್ಯಾಟ್, 5ಕ್ಕೆ 2. ನೀವಿರುವ ಕಡೆ ಬಿಸಿಲು ಎಷ್ಟು ಅನ್ನೋದರ ಮೇಲೆ ಈ 2.5 ಹೆಚ್ಚುಕಡಿಮೆ ಆಗುತ್ತದೆ. ಮಾಡಿನ ಮೇಲೆ ಜಾಗ ಇದ್ದರೆ 3 ಕಿಲೋವ್ಯಾಟ್ ಹಾಕಿದರೂ ನಾನು ಬೇಡ ಅನ್ನುವುದಿಲ್ಲ. ಮೋಡದ ದಿನಕ್ಕೆ ಪ್ಯಾನೆಲ್ ಜಾಸ್ತಿ ಇರುವುದು ಒಳ್ಳೆಯದೇ. ಬ್ಯಾಟರಿ, ಇನ್ವರ್ಟರ್ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ.

ಹಾಗಂತ ಎಲ್ಲವನ್ನೂ ಬದಲಾಯಿಸಬೇಕಿಲ್ಲ. ಇದಕ್ಕೆ ಸುಲಭದ ಪರೀಕ್ಷೆ ಇದೆ. ಸೋಲಾರ್ ಕೊಟೇಷನ್‌ನ ಮೊತ್ತವನ್ನು 10ರಿಂದ ಭಾಗಿಸಿ. ದಿನಕ್ಕೆ ಒಂದು ಯೂನಿಟ್ ಹುಟ್ಟಿಸಲು ನೀವು ಕೊಡುತ್ತಿರುವ ಬೆಲೆ ಅದು. ಈಗ ಹೊಸ ಸಾಮಾನಿನ ಬೆಲೆಯನ್ನು ಅದು ದಿನಕ್ಕೆ ಉಳಿಸುವ ಯೂನಿಟ್‌ನಿಂದ ಭಾಗಿಸಿ. ಎರಡನೆಯದು ಕಡಿಮೆ ಬಂದರೆ ಬದಲಾಯಿಸಿ, ಇಲ್ಲದಿದ್ದರೆ ಹಳೆಯದೇ ಓಡಲಿ. ಮಲಗುವ ಕೋಣೆಯಲ್ಲಿ ದಿನಕ್ಕೆ 12 ಗಂಟೆ ತಿರುಗುವ ಫ್ಯಾನ್ ಬದಲಾಯಿಸಿದರೆ ಅರ್ಧ ಯೂನಿಟ್ ಉಳಿಯುತ್ತದೆ. ಎರಡು ಫ್ಯಾನ್‌ಗೆ ಒಂದು ಯೂನಿಟ್. ಅದೇ ದಿನಕ್ಕೆ ಒಂದು ಗಂಟೆ ಮಾತ್ರ ತಿರುಗುವ ಫ್ಯಾನ್ ಆದರೆ ಒಂದು ಯೂನಿಟ್ ಉಳಿಸಲು ಅಂಥ 22 ಫ್ಯಾನ್ ಕೊಳ್ಳಬೇಕು! ಮಿಕ್ಸಿ, ಇಸ್ತ್ರಿ ಪೆಟ್ಟಿಗೆಯನ್ನು ಮುಟ್ಟಬೇಡಿ ಅಂದದ್ದೂ ಇದಕ್ಕೇ. ವ್ಯಾಟ್ ಜಾಸ್ತಿ, ಓಡುವ ಹೊತ್ತು ಕಡಿಮೆ. ಆದರೆ ಅವನ್ನು ಹಗಲಿಗೆ ಸರಿಸಿ, ಪಂಪನ್ನೂ ಸರಿಸಿ. ಖರ್ಚಿಲ್ಲದೆ ಬ್ಯಾಟರಿ ಹಗುರವಾಗುತ್ತದೆ. ನೀರು ಕಾಯಿಸುವ ಗೀಸರ್ ಇದ್ದರೆ ಅದನ್ನು ಬ್ಯಾಟರಿಗೆ ಜೋಡಿಸಲೇಬೇಡಿ. 100 ಲೀಟರ್ ನೀರನ್ನು 25 ಡಿಗ್ರಿ ಬಿಸಿ ಮಾಡಲು ಸುಮಾರು 3 ಯೂನಿಟ್ ಬೇಕು. ಯಾವ ಕಂಪನಿಯ ಗೀಸರ್ ತಂದರೂ ನೀರು ಅಷ್ಟನ್ನು ಕೇಳಿಯೇ ಕೇಳುತ್ತದೆ.

ಬದಲಾಯಿಸುವಾಗ ಎಡವುವ ಜಾಗಗಳೂ ಇವೆ. ಬಿಎಲ್‌ಡಿಸಿ ಫ್ಯಾನನ್ನು ಹಳೇ ರೆಗ್ಯುಲೇಟರ್ ಮೂಲಕ ಜೋಡಿಸಬಾರದು, ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ತೆಗೆಸಿ ನೇರ ಲೈನ್ ಕೊಡಿಸಿ. ಇಲ್ಲದಿದ್ದರೆ ಫ್ಯಾನ್ ಗುಂಯ್‌ಗುಡುತ್ತದೆ, ಸರ್ಕ್ಯೂಟ್ ಹೋಗಲೂಬಹುದು. ನೀವು ಯಾವಾಗಲೂ ಎರಡನೇ ಸ್ಪೀಡ್‌ನಲ್ಲೇ ಇಡುವವರಾದರೆ ಹಳೇ ಫ್ಯಾನ್ ಕೂಡ 75ಕ್ಕಿಂತ ಕಡಿಮೆ ಎಳೆಯುತ್ತಿರುತ್ತದೆ, ಉಳಿತಾಯ ಅಂದಾಜಿಗಿಂತ ಇಳಿಯುತ್ತದೆ. ಫ್ರಿಜ್‌ಗೆ ಬಂದರೆ, ಬದಲಾಯಿಸುವ ಮುಂಚೆ ಬಾಗಿಲಿನ ಸಂದಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿಬಂದರೆ ರಬ್ಬರ್ ಸಡಿಲವಾಗಿದೆ. ಹಿಂದಿನ ಕೊಳವೆ ಜಾಲರಿಯಲ್ಲಿ ಧೂಳು ಕಟ್ಟಿದ್ದರೂ, ಗೋಡೆಗೆ ಒತ್ತಿ ನಿಲ್ಲಿಸಿದ್ದರೂ ಖರ್ಚು ಏರುತ್ತದೆ. ಇವನ್ನು ಸರಿಮಾಡಿ ಇನ್ನೊಮ್ಮೆ ಅಳೆಯಿರಿ. ಆಗಲೂ 2ರ ಹತ್ತಿರವೇ ಇದ್ದರೆ ಬದಲಾಯಿಸಿ. ಹೊಸದು ಬಂದ ಮೇಲೆ ಹಳೆಯದನ್ನು ಇನ್ನೊಂದು ಕೋಣೆಯಲ್ಲಿ ಓಡಿಸಬೇಡಿ. ಹಾಗೆ ಮಾಡಿದ ಮನೆಗಳಲ್ಲಿ ಖರ್ಚು ಇಳಿಯುವ ಬದಲು ಏರಿದೆ.

ಹೊಸ ಫ್ರಿಜ್‌ನಿಂದ ಇನ್ನೊಂದು ಲಾಭ ಇದೆ. ಹಳೇ ಕಂಪ್ರೆಸರ್ ಶುರುವಾಗುವ ಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಹೊಡೆತವನ್ನು ಸೋಲಾರ್ ಇನ್ವರ್ಟರ್ ತಡೆದುಕೊಳ್ಳಬೇಕು. ಇನ್ವರ್ಟರ್ ಕಂಪ್ರೆಸರ್ ಮೆಲ್ಲಗೆ ಶುರುವಾಗುತ್ತದೆ. ಆದರೆ ಪಂಪಿನ ಹೊಡೆತ ಇದ್ದೇ ಇರುತ್ತದೆ, ಅದನ್ನು ಸೋಲಾರ್‌ನವರಿಗೆ ಮರೆಯದೆ ಹೇಳಿ.

ಒಂದು ಮಾತು ಸ್ಪಷ್ಟ ಇರಲಿ. ಬ್ಯಾಟರಿ ಇಲ್ಲದೆ, ಮಿಕ್ಕ ಕರೆಂಟನ್ನು ಒಳ್ಳೇ ದರಕ್ಕೆ ಗ್ರಿಡ್‌ಗೆ ಮಾರುವ ವ್ಯವಸ್ಥೆ ಆಗಿದ್ದರೆ ನನ್ನ ಉತ್ತರ ಇಷ್ಟು ಗಟ್ಟಿಯಾಗಿ ಇರುತ್ತಿರಲಿಲ್ಲ. ಅಲ್ಲಿ ರಾತ್ರಿ ಹಗಲಿನ ವ್ಯತ್ಯಾಸ ಅಷ್ಟು ಕಾಡುವುದಿಲ್ಲ.

ಸಾಮಾನು ಬದಲಾಯಿಸಿದ ಮೇಲೆ ಒಂದು ತಿಂಗಳು ಕಾಯಿರಿ, ಆದಷ್ಟೂ ಸೆಕೆ ಜೋರಾಗಿರುವ ತಿಂಗಳು. ದಿನಾ ಸೂರ್ಯ ಮುಳುಗುವಾಗ ಒಮ್ಮೆ, ಬೆಳಗ್ಗೆ ಬಿಸಿಲು ಏರಿದಾಗ ಒಮ್ಮೆ ಮೀಟರ್ ರೀಡಿಂಗ್ ಬರೆದಿಡಿ. ಎರಡರ ವ್ಯತ್ಯಾಸವೇ ನಿಮ್ಮ ರಾತ್ರಿಯ ಯೂನಿಟ್. ಅವುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದ ರಾತ್ರಿಯ ಅಂಕಿಯನ್ನು ಹಿಡಿದು ಹೊಸ ಕೊಟೇಷನ್ ಕೇಳಿ. ಮುಂದೆ ಎಸಿಯೋ ಎಲೆಕ್ಟ್ರಿಕ್ ಗಾಡಿಯೋ ತರುವ ಯೋಚನೆ ಇದ್ದರೆ, ಆಮೇಲೆ ಬ್ಯಾಟರಿ ಸೇರಿಸಲು ಬರುವಂಥ ಇನ್ವರ್ಟರ್ ಬೇಕು ಅಂತ ಅದೇ ಹೊತ್ತಿಗೆ ಹೇಳಿಬಿಡಿ.