ಋಣ ಗುಣಿಸು ಋಣ ಏಕೆ ಧನ: a² ≥ 0 ಸಾಧನೆಯಲ್ಲಿ ಬಿಟ್ಟುಹೋಗುವ ಭಾಗ

ಪ್ರಶ್ನೆ: ಗಂಗಾವತಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ ಸರ್. ಕ್ರಮಿತ ಕ್ಷೇತ್ರದ ಸ್ವಯಂಸಿದ್ಧಗಳಿಂದ a² ≥ 0 ಎಂದು ಸಾಧಿಸಲು ಕೇಳಿದ್ದರು. "ಋಣ ಗುಣಿಸು ಋಣ ಧನ, ಆದ್ದರಿಂದ ವರ್ಗ ಋಣವಾಗದು" ಎಂದು ಬರೆದೆ, ಅಂಕ ಸಿಗಲಿಲ್ಲ. ಇದರಲ್ಲಿ ಸಾಧಿಸಲು ಇನ್ನೇನಿದೆ?

ಉತ್ತರ: ನೀವು ಬರೆದ ವಾಕ್ಯ ಸುಳ್ಳಲ್ಲ, ಆದರೆ ಅದು ಸ್ವಯಂಸಿದ್ಧಗಳ ಪಟ್ಟಿಯಲ್ಲಿ ಇಲ್ಲ. ಕ್ರಮಕ್ಕೆ ಸಂಬಂಧಿಸಿ ನಮ್ಮ ಕೈಗೆ ಕೊಟ್ಟಿರುವುದು ನಾಲ್ಕೇ ಮಾತು: ಯಾವುದೇ ಎರಡು ಸಂಖ್ಯೆಗಳಿಗೆ a < b, a = b, b < a ಎಂಬ ಮೂರರಲ್ಲಿ ಸರಿಯಾಗಿ ಒಂದು ಮಾತ್ರ ನಿಜ; a < b ಮತ್ತು b < c ಆದರೆ a < c; a < b ಆದರೆ a + c < b + c; 0 < a ಮತ್ತು 0 < b ಆದರೆ 0 < ab. ಕೊನೆಯದು ಧನ ಸಂಖ್ಯೆಗಳ ಗುಣಲಬ್ಧದ ಬಗ್ಗೆ ಮಾತ್ರ ಹೇಳುತ್ತದೆ, ಎರಡು ಋಣ ಸಂಖ್ಯೆಗಳ ಬಗ್ಗೆ ಮೌನವಾಗಿದೆ. ಆ ಮೌನವನ್ನು ತುಂಬುವುದೇ ಪ್ರಶ್ನೆಯ ತಿರುಳು. ನೀವು ಅದನ್ನೇ ತಿಳಿದದ್ದೆಂದು ಹಿಡಿದುಬಿಟ್ಟಿರಿ. ಸಿಂಧನೂರಿನ ಪದವಿ ತರಗತಿಗಳಲ್ಲಿ ನಾನು ತಿದ್ದುವ ಉತ್ತರಪತ್ರಿಕೆಗಳಲ್ಲಿಯೂ ಹೆಚ್ಚಿನ ಅಂಕಗಳು ಹೋಗುವುದು ಇಲ್ಲಿಯೇ.

ಕುತೂಹಲದ ಸಂಗತಿಯೆಂದರೆ, ಆ ಖಾಲಿ ಜಾಗದ ಬಹುಭಾಗ ತುಂಬುವುದು ಕ್ರಮದಿಂದಲ್ಲ, ವಿತರಣಾ ನಿಯಮದಿಂದ. ಮೊದಲು a·0 = 0 ಎಂಬುದನ್ನು ಪಡೆಯಬೇಕು. 0 = 0 + 0 ಆದ್ದರಿಂದ a·0 = a·(0 + 0) = a·0 + a·0; ಎರಡೂ ಕಡೆ a·0 ದ ಸಂಕಲನ ವಿಲೋಮವನ್ನು ಕೂಡಿಸಿದರೆ 0 = a·0 ಎಂದು ಉಳಿಯುತ್ತದೆ. ಈಗ ab + (−a)b ಯನ್ನು ನೋಡಿ. ವಿತರಣಾ ನಿಯಮದಂತೆ ಅದು (a + (−a))b, ಅಂದರೆ 0·b, ಅಂದರೆ 0. ಒಂದು ಸಂಖ್ಯೆಗೆ ಸಂಕಲನ ವಿಲೋಮ ಒಂದೇ ಇರುವುದರಿಂದ (−a)b = −(ab) ಎಂದಾಯಿತು. ಇಲ್ಲಿ b ಯ ಜಾಗದಲ್ಲಿ −a ಯನ್ನು ಇಟ್ಟು, ಇದೇ ಫಲಿತಾಂಶವನ್ನು ಮತ್ತೊಮ್ಮೆ ಬಳಸಿದರೆ:

(−a)(−a) = −(a(−a)) = −(−(a·a)) = a·a

ಕೊನೆಯ ಸಮತೆಗೆ −(−x) = x ಬೇಕು; x + (−x) = 0 ಎಂಬುದನ್ನೇ −x ನ ಕಡೆಯಿಂದ ಓದಿದರೆ ಅದು ಸಿಗುತ್ತದೆ.

ಇನ್ನು ಕ್ರಮದ ಸರದಿ, ಅದು ಚಿಕ್ಕದು. a = 0 ಆದರೆ a² = 0. 0 < a ಆದರೆ ನಾಲ್ಕನೆಯ ಸ್ವಯಂಸಿದ್ಧ ನೇರವಾಗಿ 0 < a² ಎನ್ನುತ್ತದೆ. a < 0 ಆದರೆ ಎರಡೂ ಕಡೆ −a ಕೂಡಿಸಿ. 0 < −a ಆಗುತ್ತದೆ, ಆಗ ಅದೇ ಸ್ವಯಂಸಿದ್ಧದಿಂದ 0 < (−a)(−a), ಅದು a² ಎಂದು ಮೇಲೆಯೇ ಕಂಡಿದ್ದೇವೆ. ಮೂರನ್ನು ಬಿಟ್ಟು ನಾಲ್ಕನೆಯ ಸಂದರ್ಭವಿಲ್ಲ ಎಂಬುದಕ್ಕೆ ಮೊದಲ ಸ್ವಯಂಸಿದ್ಧವನ್ನು ಹೆಸರಿಸಿ ಬರೆಯಿರಿ. ಸೊನ್ನೆಯಲ್ಲದ ಸಂಖ್ಯೆಯ ವರ್ಗ ಧನವೇ ಎಂಬುದೂ ಇದರಲ್ಲೇ ಬಂತು. ಆದ್ದರಿಂದ 1 = 1·1 ಮತ್ತು 1 ≠ 0 ಎಂಬುದರಿಂದ 0 < 1. ಇದನ್ನು ಬಹಳ ಜನ ಸ್ವಯಂಸಿದ್ಧವೆಂದೇ ತಿಳಿದಿರುತ್ತಾರೆ, ಆದರೆ ಇದು ವರ್ಗದ ಪ್ರಮೇಯದ ಫಲ.

ಋಣ ಸಂಖ್ಯೆಯಿಂದ ಗುಣಿಸಿದಾಗ ಅಸಮತೆಯ ಚಿಹ್ನೆ ತಿರುಗುವುದೂ ಇದೇ ದಾರಿಯಲ್ಲಿ ಸಿಗುತ್ತದೆ. a < b ಮತ್ತು c < 0 ಎಂದರೆ 0 < b − a ಮತ್ತು 0 < −c. ಆದ್ದರಿಂದ 0 < (b − a)(−c) = ac − bc, ಎರಡೂ ಕಡೆ bc ಕೂಡಿಸಿದರೆ bc < ac.

ನಿಮ್ಮ ಸಾಧನೆಯಲ್ಲಿ ಕ್ರಮವನ್ನು ನಿಜವಾಗಿ ಬಳಸಿದ್ದೀರೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ಉಪಾಯವಿದೆ. 5 ರಿಂದ ಭಾಗಿಸಿದಾಗ ಉಳಿಯುವ ಶೇಷಗಳಾದ 0, 1, 2, 3, 4 ಕೂಡ ಒಂದು ಕ್ಷೇತ್ರ. ಅಲ್ಲಿ −2 ಎಂದರೆ 3; (−2)(−2) = 3·3 = 9, ಅದರ ಶೇಷ 4, ಅದು 2·2 ಕ್ಕೆ ಸಮ. ಹೀಗೆ (−a)(−a) = a·a ಅಲ್ಲಿಯೂ ನಿಲ್ಲುತ್ತದೆ, ಏಕೆಂದರೆ ಅದರ ಸಾಧನೆಯಲ್ಲಿ ಕ್ಷೇತ್ರದ ನಿಯಮಗಳನ್ನು ಬಿಟ್ಟು ಬೇರೇನೂ ಬಳಕೆಯಾಗಿಲ್ಲ. ಆದರೆ ಆ ಕ್ಷೇತ್ರಕ್ಕೆ ಕ್ರಮವನ್ನು ಕೊಡಲು ಹೊರಟರೆ ಕೆಲಸ ಕೆಡುತ್ತದೆ: 4 ವರ್ಗವಾದ್ದರಿಂದ 0 < 4 ಆಗಬೇಕು, 4 ಎಂದರೆ −1, ಹಾಗಾಗಿ 0 < −1, ಎರಡೂ ಕಡೆ 1 ಕೂಡಿಸಿದರೆ 1 < 0. ಮೇಲೆ ಪಡೆದ 0 < 1 ಕ್ಕೆ ಇದು ವಿರುದ್ಧ. ಸಂಮಿಶ್ರ ಸಂಖ್ಯೆಗಳಲ್ಲಿ i² = −1 ಇರುವುದರಿಂದ ಅಲ್ಲಿಯೂ ಇದೇ ವಿರೋಧ ಹುಟ್ಟುತ್ತದೆ. ಆದ್ದರಿಂದ ನೀವು ಬರೆದ ಪ್ರತಿಯೊಂದು ಸಾಲೂ ಶೇಷಗಳ ಆ ಕ್ಷೇತ್ರದಲ್ಲಿ ಹಾಗೆಯೇ ನಿಲ್ಲುವಂತಿದ್ದರೆ, a² ≥ 0 ಇನ್ನೂ ಸಾಧಿತವಾಗಿಲ್ಲ ಎಂದೇ ಅರ್ಥ.