ಸ್ಲೈಡಿನ ತಲೆಬರಹ, ಮಾತಿನ ನೋಟ್ಸ್: ಇವೆರಡರಿಂದ ಬ್ಲಾಗ್ ಬರಹ ಹೇಗೆ?

ಪ್ರಶ್ನೆ: ಸಮ್ಮೇಳನವೊಂದರಲ್ಲಿ 20 ನಿಮಿಷ ಮಾತನಾಡಿದೆ. ವಿಷಯ, ಸಾಫ್ಟ್‌ವೇರ್ ವ್ಯವಸ್ಥೆಗಳಲ್ಲಿ ವಿಫಲವಾದ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸುವುದು, ಅಂದರೆ ರೀಟ್ರೈ. ಬರಲಾಗದವರಿಗಾಗಿ ಬ್ಲಾಗ್ ಬರೆಯಲು ಕೂತೆ. 18 ಸ್ಲೈಡ್‌ಗಳ ತಲೆಬರಹಗಳನ್ನೇ ಉಪಶೀರ್ಷಿಕೆ ಮಾಡಿ, ಒಂದೊಂದರ ಕೆಳಗೂ ನೋಟ್ಸ್ ಅಂಟಿಸಿದೆ. ಓದಿದರೆ ನನಗೇ ತಲೆಬುಡ ತಿಳಿಯುತ್ತಿಲ್ಲ. ಎಲ್ಲಿ ಎಡವಿದೆ?

ಉತ್ತರ: ಅಂಟಿಸಿದ್ದರಲ್ಲೇ ಎಡವಿದ್ದೀರಿ. ನೋಟ್ಸ್ ಬರೆದದ್ದು ನಿಮಗೆ ನೆನಪು ಬರಲಿ ಎಂದು, ಕೇಳುಗರಿಗೆ ತಿಳಿಯಲಿ ಎಂದಲ್ಲ. ತಲೆಬರಹದ ಅರ್ಧ ಅರ್ಥವನ್ನು ಹೊತ್ತದ್ದು ಪರದೆಯ ಮೇಲಿನ ಚಿತ್ರ, ಉಳಿದರ್ಧವನ್ನು ನಿಮ್ಮ ದನಿ. ಎರಡೂ ಹೋದ ಮೇಲೆ ಉಳಿದದ್ದು ಬರಿಯ ಚೀಟಿಗಳು.

ಮೊದಲು ಚೀಟಿಗಳನ್ನು ಒಂದೆಡೆ ಸೇರಿಸಿ. ವಿಂಡೋಸ್‌ನ ಪವರ್‌ಪಾಯಿಂಟಿನಲ್ಲಿ `File > Export > Create Handouts` ಮೂಲಕ `Notes below slides` ಆರಿಸಿದರೆ ಸ್ಲೈಡು, ನೋಟ್ಸ್ ಎರಡೂ ವರ್ಡ್ ಕಡತಕ್ಕೆ ಇಳಿಯುತ್ತವೆ. ತಲೆಬರಹಗಳನ್ನಷ್ಟೇ ಒಟ್ಟಿಗೆ ನೋಡಲು `View > Outline View` ಸಾಕು. ಅಲ್ಲಿ ಕೆಲವು ಸ್ಲೈಡ್‌ಗಳ ಮುಂದೆ ಖಾಲಿ ಕಂಡರೆ ಗಾಬರಿ ಬೇಡ: ತಲೆಬರಹವನ್ನು ಅದಕ್ಕಿರುವ ಚೌಕದಲ್ಲಿ ಬರೆಯದೆ ಬೇರೆ ಟೆಕ್ಸ್ಟ್ ಬಾಕ್ಸ್‌ನಲ್ಲಿ ಬರೆದಿದ್ದರೆ ಅದು ಔಟ್‌ಲೈನಿಗೆ ಬರುವುದಿಲ್ಲ. ಅವನ್ನು ಕೈಯಿಂದಲೇ ಸೇರಿಸಿಕೊಳ್ಳಿ.

ಈಗ ಪ್ರತಿ ತಲೆಬರಹವನ್ನೂ ಕ್ರಿಯಾಪದವಿರುವ ಪೂರ್ಣ ವಾಕ್ಯವಾಗಿಸಿ. ಇದೇ ಇಡೀ ಕೆಲಸದ ಜೀವಾಳ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ. ‘ರೀಟ್ರೈ ಗುಣಾಕಾರ’ ಎಂಬುದು ಹೆಸರು, ಹೇಳಿಕೆಯಲ್ಲ. ‘ಪ್ರತಿ ಹಂತವೂ ರೀಟ್ರೈ ಮಾಡಿದರೆ ತಳದ ಡೇಟಾಬೇಸಿನ ಮೇಲೆ ಹೊರೆ ಗುಣಿಸುತ್ತ ಹೋಗುತ್ತದೆ’ ಎಂಬುದು ಹೇಳಿಕೆ. ಇದನ್ನು ಒಪ್ಪಬಹುದು, ಅಲ್ಲಗಳೆಯಬಹುದು. ವಾಕ್ಯವಾಗಲು ಒಪ್ಪದ ತಲೆಬರಹದ ಸ್ಲೈಡು ಬಹುಪಾಲು ಬರಹಕ್ಕೆ ಬೇಡದ್ದು. ಶೀರ್ಷಿಕೆ, ನಿಮ್ಮ ಪರಿಚಯ, ಇಂದಿನ ವಿಷಯಗಳು, ಭಾಗ ಒಂದು, ಭಾಗ ಎರಡು, ಪ್ರಶ್ನೆಗಳು, ಧನ್ಯವಾದ: 18ರಲ್ಲಿ ಇವೇ 7 ಆಗಬಹುದು. ನಗಿಸಲು ಹಾಕಿದ ಚಿತ್ರವಿದ್ದರೆ ಅದೂ ಹೋಗಲಿ, ಸಭೆಯಲ್ಲಿ ಎಷ್ಟೇ ಚಪ್ಪಾಳೆ ಬಿದ್ದಿರಲಿ.

ಉಳಿದ ಹತ್ತು ಹನ್ನೊಂದನ್ನೂ ವಾಕ್ಯ ಮಾಡಿದರೆ ಒಂದೇ ಮಾತು ಎರಡು ಮೂರು ಸ್ಲೈಡ್‌ಗಳಲ್ಲಿ ಹಂಚಿಹೋಗಿರುವುದು ಕಾಣುತ್ತದೆ. ಪರದೆಗಾಗಿ ಒಡೆದದ್ದನ್ನು ಮತ್ತೆ ಕೂಡಿಸಿ. ನಿಮ್ಮ ವಿಷಯದಲ್ಲಿ ಸುಮಾರು ನಾಲ್ಕು ಹೇಳಿಕೆ ಉಳಿಯಬೇಕು. ಕ್ಷಣಿಕ ದೋಷಕ್ಕೆ ರೀಟ್ರೈ ಒಳ್ಳೆಯ ಮದ್ದು. ಪ್ರತಿ ಹಂತದಲ್ಲೂ ಮಾಡಿದರೆ ಹೊರೆ ಗುಣಿಸುತ್ತದೆ. ಆದ್ದರಿಂದ ಒಂದೇ ಹಂತದಲ್ಲಿ ಮಾಡಬೇಕು. ಮಾಡುವಾಗ ಕಾಯುವ ಹೊತ್ತನ್ನು ಪ್ರತಿ ಸಲ ದುಪ್ಪಟ್ಟು ಮಾಡಿ, ಅದನ್ನು ಗೊತ್ತುಗುರಿಯಿಲ್ಲದೆ ಒಂದಿಷ್ಟು ಹೆಚ್ಚುಕಡಿಮೆ ಮಾಡಬೇಕು. ಇಲ್ಲವಾದರೆ ಒಟ್ಟಿಗೆ ಸೋತವರೆಲ್ಲ ಒಟ್ಟಿಗೇ ಮರಳಿ ಮುಗಿಬೀಳುತ್ತಾರೆ. ಒಂದೊಂದಕ್ಕೆ 120 ಪದ, ಆರಂಭಕ್ಕೆ 80, ಕೊನೆಗೆ 40 ಎಂದರೆ 600 ಪದಗಳಲ್ಲಿ ಬರಹ ಮುಗಿಯಿತು.

ಇನ್ನು ನೋಟ್ಸ್. ಒಂದು ಸ್ಲೈಡನ್ನೇ ತೆಗೆದುಕೊಳ್ಳೋಣ. ಪರದೆಯ ಮೇಲೆ ‘3 × 3 × 3’ ಮತ್ತು ಒಂದು ಗ್ರಾಫ್ ಇದೆ ಎನ್ನಿ. ನೋಟ್ಸ್ ಹೀಗಿದೆ:

> ಪ್ರತಿ ಹಂತ 3. ನಿಲ್ಲಿಸು, ಸಭೆಯನ್ನು ಕೇಳು. 27! ಕೆಂಪು ಗೆರೆ ತೋರಿಸು. ಮೊದಲೇ ಹೇಳಿದ ಹಾಗೆ ಡಿಬಿ ಆಗಲೇ ಸುಸ್ತು.

ಇದರಲ್ಲಿ ಮೂರು ಬಗೆಯ ಮಾತು ಬೆರೆತಿದೆ. ‘ನಿಲ್ಲಿಸು, ಕೇಳು, ತೋರಿಸು’ ನಿಮಗೆ ನೀವೇ ಕೊಟ್ಟುಕೊಂಡ ಆಜ್ಞೆ, ಅಳಿಸಿ. ‘ಮೊದಲೇ ಹೇಳಿದ ಹಾಗೆ’ ಬೇರೆ ಸ್ಲೈಡಿನತ್ತ ಬೆರಳು ತೋರಿಸುತ್ತದೆ; ಆ ಸ್ಲೈಡು ಬರಹದಲ್ಲಿ ಇಲ್ಲದಿರಬಹುದು, ಹಾಗಾಗಿ ಸಂಗತಿಯನ್ನೇ ಇಲ್ಲಿ ಹೇಳಿ. ಉಳಿದದ್ದು ವಿಷಯ. ಆದರೆ ಅದೂ ಅರೆಬರೆ. ಯಾವ ಹಂತಗಳು? ‘3’ ಎಂದರೆ ಏನು? ಮೊದಲ ಪ್ರಯತ್ನವೂ ಸೇರಿ ಒಟ್ಟು ಮೂರಾದರೆ ಡೇಟಾಬೇಸಿಗೆ 27 ಕೋರಿಕೆ ಮುಟ್ಟುತ್ತವೆ. ಮೊದಲ ಪ್ರಯತ್ನದ ಮೇಲೆ ಮೂರು ರೀಟ್ರೈ ಎಂದಾದರೆ ಹಂತಕ್ಕೆ ನಾಲ್ಕಾಗಿ, ಲೆಕ್ಕ 64ಕ್ಕೆ ಏರುತ್ತದೆ. ಸಭೆಯಲ್ಲಿ ಯಾರಾದರೂ ಕೈ ಎತ್ತಿ ಕೇಳುತ್ತಿದ್ದರು, ನೀವು ಒಂದೇ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಿರಿ. ಓದುಗನಿಗೆ ಆ ದಾರಿ ಇಲ್ಲ. ಹಾಗಾಗಿ ನೋಟ್ಸಿನ ಪ್ರತಿ ಸಂಖ್ಯೆಯ ಮುಂದೂ ‘ಯಾವುದರದು? ಯಾವ ಲೆಕ್ಕದಲ್ಲಿ?’ ಎಂದು ಕೇಳಿಕೊಂಡೇ ಮುಂದಕ್ಕೆ ಹೋಗಿ.

ಬರಹಕ್ಕೆ ಬಂದಾಗ ಅದೇ ಸ್ಲೈಡು ಹೀಗಾಗುತ್ತದೆ:

> ಆ್ಯಪ್ ಗೇಟ್‌ವೇಯನ್ನು ಕೇಳುತ್ತದೆ, ಗೇಟ್‌ವೇ ಆರ್ಡರ್ ಸೇವೆಯನ್ನು, ಆರ್ಡರ್ ಸೇವೆ ಡೇಟಾಬೇಸನ್ನು. ಉತ್ತರ ಬಾರದಿದ್ದರೆ ಮೂರೂ ಮತ್ತೆ ಕೇಳುತ್ತವೆ, ಮೊದಲ ಸಲವೂ ಸೇರಿ ಒಟ್ಟು 3 ಸಲ. ಬಳಕೆದಾರರು ಒಮ್ಮೆ ಗುಂಡಿ ಒತ್ತಿದರೆ ಗೇಟ್‌ವೇಗೆ 3, ಆರ್ಡರ್ ಸೇವೆಗೆ 9, ಡೇಟಾಬೇಸಿಗೆ 27 ಕೋರಿಕೆಗಳು ಹೋಗಬಹುದು. ಅದೂ ಡೇಟಾಬೇಸು ಆಗಲೇ ಉತ್ತರಿಸಲಾಗದೆ ಒದ್ದಾಡುತ್ತಿರುವ ಹೊತ್ತಿನಲ್ಲಿ.

ಗ್ರಾಫ್ ಇಲ್ಲದೆಯೂ ಮಾತು ನಿಂತಿತು. ಗ್ರಾಫ್ ಬೇಕೇ ಬೇಕು ಎನಿಸಿದರೆ ಇಡೀ ಬರಹಕ್ಕೆ ಒಂದು ಸಾಕು. ಏನನ್ನು ನೋಡಬೇಕೆಂದು ಅದರ ಕೆಳಗೆ ಒಂದು ವಾಕ್ಯದಲ್ಲಿ ಬರೆಯಿರಿ. ‘ಕೆಂಪು ಗೆರೆ’ ಎಂದಷ್ಟೇ ಬರೆದರೆ ಬಣ್ಣ ಬೇರ್ಪಡಿಸಿ ಕಾಣದವರಿಗೆ ದಕ್ಕುವುದಿಲ್ಲ, ಗೆರೆಯ ಹೆಸರನ್ನೂ ಹೇಳಿ. ಅನಿಮೇಶನ್ ಇರುವ ಸ್ಲೈಡನ್ನು ಪಿಡಿಎಫ್ ಮಾಡಿದಾಗ ಒಂದಾದ ಮೇಲೊಂದು ಬರಬೇಕಾದ ಭಾಗಗಳೆಲ್ಲ ಒಂದರ ಮೇಲೊಂದು ಕೂರುತ್ತವೆ. ಅಂಥದ್ದನ್ನು ನಕಲು ಮಾಡಿಕೊಂಡು, ಬೇಡದ ಪದರ ತೆಗೆದು, ಆಮೇಲೆ ಚಿತ್ರವಾಗಿ ಉಳಿಸಿ.

ಕ್ರಮದ ವಿಷಯಕ್ಕೆ ಬರೋಣ. ಭಾಷಣದಲ್ಲಿ ಸಮಸ್ಯೆಯನ್ನು ಬೆಳೆಸುತ್ತ ಹೋಗಿ ಹದಿನೈದನೇ ನಿಮಿಷಕ್ಕೆ ಪರಿಹಾರ ಬಿಚ್ಚಬಹುದು, ಜನ ಕೂತಿರುತ್ತಾರೆ. ಬ್ಲಾಗ್ ಓದುವವರು ಕೂತಿರುವುದಿಲ್ಲ. ‘ರೀಟ್ರೈಯನ್ನು ಒಂದೇ ಹಂತಕ್ಕೆ ಬಿಡಿ, ಉಳಿದ ಹಂತಗಳು ಸೋಲನ್ನು ಹಾಗೇ ಮೇಲಕ್ಕೆ ದಾಟಿಸಲಿ’ ಎಂಬ ಮಾತು ಮೊದಲ ಪ್ಯಾರಾದಲ್ಲೇ ಬರಲಿ. ಸ್ಲೈಡ್‌ಗಳ ಕ್ರಮ ಇದರಿಂದ ಮುರಿಯುತ್ತದೆ, ಮುರಿಯಲೇಬೇಕು. ನಾಲ್ಕು ಹೇಳಿಕೆಗಳೇ ಉಪಶೀರ್ಷಿಕೆಗಳಾದರೆ ಅವನ್ನಷ್ಟೇ ಓದಿದವರಿಗೂ ವಾದದ ಎಳೆ ಸಿಗುತ್ತದೆ.

ಸಭೆಯಲ್ಲಿ ಬಂದ ಪ್ರಶ್ನೆಗಳು ನೆನಪಿದ್ದರೆ ಬರೆದಿಟ್ಟುಕೊಳ್ಳಿ. ಇಬ್ಬರು ಒಂದನ್ನೇ ಕೇಳಿದ್ದರೆ ನೋಟ್ಸಿನಲ್ಲಿ ಅಲ್ಲೊಂದು ಕಂದಕವಿದೆ ಎಂದರ್ಥ. ಉತ್ತರವನ್ನು ಕೊನೆಗೆ ಬೇರೆಯಾಗಿ ಇಡದೆ ಆಯಾ ಹೇಳಿಕೆಯ ಕೆಳಗೇ ಸೇರಿಸಿ. ಬಾಯಲ್ಲಿ ಹೇಳಿದ್ದೆಲ್ಲ ಬರಹಕ್ಕೆ ಸಲ್ಲದು ಎಂಬುದೂ ಗಮನದಲ್ಲಿರಲಿ: ಗ್ರಾಹಕರ ಹೆಸರು, ಕಂಪನಿಯೊಳಗಿನ ಅಂಕಿಗಳು ನೋಟ್ಸಿನಲ್ಲಿ ನುಸುಳಿರುತ್ತವೆ. ಸ್ಲೈಡ್ ಕಡತವನ್ನೇ ಹಂಚುವುದಾದರೆ ಮರೆಮಾಡಿದ ಸ್ಲೈಡ್‌ಗಳೂ ನೋಟ್ಸೂ ಅದರೊಳಗೇ ಹೋಗುತ್ತವೆ, ಆದ್ದರಿಂದ ಅವೆರಡೂ ಇಲ್ಲದ ಪಿಡಿಎಫ್ ಕೊಡಿ.

ಪ್ರಕಟಿಸುವ ಮುನ್ನ ಕರಡಿನಲ್ಲಿ ‘ಇಲ್ಲಿ’, ‘ಈ’, ‘ನೋಡಿ’, ‘ಈಗ’ ಎಂಬ ಪದಗಳನ್ನು ಹುಡುಕಿ. ಒಂದೊಂದರ ಹತ್ತಿರವೂ ನಿಂತು, ಅದು ತೋರುವ ವಸ್ತು ಅದೇ ಪುಟದಲ್ಲಿದೆಯೇ ನೋಡಿ. ಆಮೇಲೆ ಸಭೆಗೆ ಬಾರದ ಒಬ್ಬರಿಗೆ ಓದಲು ಕೊಟ್ಟು, ‘ನಿಮ್ಮ ವ್ಯವಸ್ಥೆಯಲ್ಲಿ ಏನನ್ನು ಬದಲಿಸುತ್ತೀರಿ?’ ಎಂದು ಕೇಳಿ. ‘ರೀಟ್ರೈ ತೆಗೆದುಬಿಡುತ್ತೇನೆ’ ಎಂದರೆ ಮೊದಲ ಹೇಳಿಕೆ ಸೊರಗಿದೆ. ‘ಎಲ್ಲ ಕಡೆ ಕಾಯುವ ಹೊತ್ತು ಹೆಚ್ಚಿಸುತ್ತೇನೆ’ ಎಂದರೆ ಮೂರನೆಯದು ಅವರಿಗೆ ತಲುಪಿಲ್ಲ. ಆ ಭಾಗವನ್ನಷ್ಟೇ ತಿದ್ದಿ, ಉಳಿದದ್ದನ್ನು ಮುಟ್ಟಬೇಡಿ.