ಕಂಟ್ರೋಲ್ ಗೆರೆ ಬಂದರೂ ಮಲೇರಿಯಾ ತಪ್ಪಿದ್ದೇಕೆ?

"ಅಣ್ಣ ಎರಿಟ್ರಿಯಾದಲ್ಲಿ ಕೆಲಸದಲ್ಲಿದ್ದಾನೆ. ರ‍್ಯಾಪಿಡ್ ಟೆಸ್ಟ್ ನೆಗೆಟಿವ್, ಕಂಟ್ರೋಲ್ ಗೆರೆ ಸರಿಯಾಗೇ ಬಂದಿತ್ತು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದ ರಕ್ತಲೇಪನದಲ್ಲಿ ಮಲೇರಿಯಾದ ಫಾಲ್ಸಿಪಾರಂ ಪರಾವಲಂಬಿ ಕಂಡಿತು. ಕಿಟ್ ಕೆಟ್ಟಿತ್ತಾ?"

ಕಿಟ್ ಕೆಟ್ಟಿರಲೇಬೇಕೆಂದಿಲ್ಲ. ಕಂಟ್ರೋಲ್ ಗೆರೆ ಹೇಳುವುದು ರಕ್ತ ಪಟ್ಟಿಯುದ್ದಕ್ಕೂ ಹರಿದಿದೆ ಎಂಬುದನ್ನಷ್ಟೇ. ಫಾಲ್ಸಿಪಾರಂ ಹುಡುಕುವ ಬಹುತೇಕ ಕಿಟ್‌ಗಳು ಪರಾವಲಂಬಿಯನ್ನೇ ನೋಡುವುದಿಲ್ಲ. ಅದು ರಕ್ತಕ್ಕೆ ಬಿಡುವ ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು ಹಿಡಿಯುತ್ತವೆ. ಆ ಪ್ರೋಟೀನಿನ ಜೀನ್ ಇಲ್ಲದ ತಳಿಗಳೂ ಇವೆ. ಅದಿಲ್ಲದೆಯೂ ಪರಾವಲಂಬಿ ಬದುಕುತ್ತದೆ, ಜ್ವರ ತರುತ್ತದೆ. ಪಟ್ಟಿಯ ಪ್ರತಿಕಾಯಕ್ಕೆ ಮಾತ್ರ ಹಿಡಿಯಲು ಏನೂ ಸಿಗುವುದಿಲ್ಲ.

ಎಚ್‌ಆರ್‌ಪಿ2ರ ಸೋದರ ಪ್ರೋಟೀನ್ ಎಚ್‌ಆರ್‌ಪಿ3 ಅದನ್ನು ಸಾಕಷ್ಟು ಹೋಲುತ್ತದೆ, ಪ್ರತಿಕಾಯ ಇದನ್ನೂ ಹಿಡಿಯಬಲ್ಲದು. ಹಾಗಾಗಿ ಎಚ್‌ಆರ್‌ಪಿ2 ಮಾತ್ರ ಹೋಗಿದ್ದರೆ, ರಕ್ತದಲ್ಲಿ ಪರಾವಲಂಬಿ ತುಂಬಿದ್ದಾಗ ಗೆರೆ ಮೂಡಬಹುದು. ಎರಡೂ ಜೀನ್ ಅಳಿಸಿದ್ದರೆ ಎಷ್ಟಿದ್ದರೂ ನೆಗೆಟಿವ್ವೇ. ಎರಿಟ್ರಿಯಾದಲ್ಲಿ ಇಂಥ ತಳಿಗಳು ಎಷ್ಟು ಹೆಚ್ಚಿದ್ದವೆಂದರೆ 2016ರಲ್ಲಿ ದೇಶವೇ ಎಚ್‌ಆರ್‌ಪಿ2 ಕಿಟ್‌ಗಳನ್ನು ಕೈಬಿಟ್ಟಿತು. ಪರೀಕ್ಷೆಯಲ್ಲಿ ಸೋಂಕು ಕಾಣದವರಿಗೆ ಔಷಧ ಸಿಗದು, ಸೊಳ್ಳೆ ಅವರಿಂದಲೇ ಆ ತಳಿಯನ್ನು ಹರಡುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಅಣ್ಣನ ಕಿಟ್ ಎಚ್‌ಆರ್‌ಪಿ2 ಮಾದರಿಯೇ ಎಂದು ಪೊಟ್ಟಣದಲ್ಲಿ ನೋಡಿ. ಪರಾವಲಂಬಿಯ ಇನ್ನೊಂದು ಪ್ರೋಟೀನಾದ ಪಿಎಲ್‌ಡಿಎಚ್ ಹಿಡಿಯುವ ಕಿಟ್ ಪಾಸಿಟಿವ್ ಬಂದರೆ ಜೀನ್ ಅಳಿಸಿರುವ ಅನುಮಾನ ಬಲವಾಗುತ್ತದೆ, ಪಿಸಿಆರ್ ಅದನ್ನು ಖಚಿತಪಡಿಸುತ್ತದೆ. ಆದರೆ ಅದಕ್ಕೆ ಕಾಯಬೇಡಿ. ಲೇಪನದಲ್ಲಿ ಕಂಡ ಮೇಲೆ ಚಿಕಿತ್ಸೆ ಇವತ್ತೇ ಶುರುವಾಗಲಿ.